ಕೈಮೇಲಿನ ಚಂದ್ರ ಮತ್ತು ನಮ್ಮ ಅರ್ಧ ಗಂಟೆ

ಗಂಟೆ, ನಿಮಿಷ, ಸೆಕೆಂಡು ಬಿಟ್ಟು ವಾಚು ಇನ್ನೇನು ತೋರಿಸಿದರೂ ಅದನ್ನು ಗಡಿಯಾರದವರು ಕಾಂಪ್ಲಿಕೇಷನ್ ಎನ್ನುತ್ತಾರೆ. ಮೂನ್‌ಫೇಸ್, ಆನ್ಯುಯಲ್ ಕ್ಯಾಲೆಂಡರ್, ಡ್ಯುಯಲ್ ಟೈಮ್ ಅಂಥವು. ಮೂರಕ್ಕೂ ಹೆಚ್ಚು ಹಣ ತೆರಬೇಕು. ದಿನನಿತ್ಯ ಕೆಲಸಕ್ಕೆ ಬರುವುದು ಡ್ಯುಯಲ್ ಟೈಮ್ ಒಂದೇ ಎಂಬುದು ನನ್ನ ಅಭಿಪ್ರಾಯ. ಆದರೆ ನಮ್ಮ ದೇಶದಲ್ಲಿ ಅದಕ್ಕೂ ಒಂದು ತೊಡಕಿದೆ.

ಮೂನ್‌ಫೇಸ್ ನೋಡಲು ಬಲು ಚೆಂದ. ಡಯಲ್‌ನ ಪುಟ್ಟ ಕಿಂಡಿಯ ಹಿಂದೆ ಎರಡು ಚಂದ್ರರನ್ನು ಬಿಡಿಸಿದ ಒಂದು ಚಕ್ರ, ಅದಕ್ಕೆ 59 ಹಲ್ಲು. ದಿನಕ್ಕೊಂದು ಹಲ್ಲಿನಂತೆ ಸರಿದರೆ ಒಬ್ಬ ಚಂದ್ರನ ಪಾಲಿಗೆ ಇಪ್ಪತ್ತೊಂಬತ್ತೂವರೆ ದಿನ. ನಿಜವಾದ ಚಾಂದ್ರಮಾಸ ಅದಕ್ಕಿಂತ ಸುಮಾರು 44 ನಿಮಿಷ ದೊಡ್ಡದು. ಹೀಗಾಗಿ ಎರಡೂವರೆ ವರ್ಷ ದಾಟುವಷ್ಟರಲ್ಲಿ ವಾಚಿನ ಚಂದ್ರ ಒಂದು ದಿನ ಮುಂದೆ ಹೋಗಿರುತ್ತಾನೆ. 135 ಹಲ್ಲಿನ ಚಕ್ರವಾದರೆ ಅಷ್ಟು ತಪ್ಪಲು 122 ವರ್ಷ ಬೇಕು. ಹಾಗೆಂದು ಇದನ್ನು ನೋಡಿ ಏಕಾದಶಿ ಹಿಡಿಯಲಾಗದು. ಆಕಾಶದ ಚಂದ್ರನ ವೇಗ ಏರುಪೇರಾಗುವುದರಿಂದ ತಿಥಿಯೊಂದು 19 ಗಂಟೆಗೂ ಮುಗಿಯಬಹುದು, 26 ಗಂಟೆಗೂ ಎಳೆಯಬಹುದು. ವಾಚಿನ ಚಕ್ರಕ್ಕೆ ಎಲ್ಲ ದಿನವೂ ಒಂದೇ. ಗೋಡೆಯ ಪಂಚಾಂಗವೇ ಇದಕ್ಕಿಂತ ಉಪಯುಕ್ತ.

ಆನ್ಯುಯಲ್ ಕ್ಯಾಲೆಂಡರ್ ಜಾಣ ಯಂತ್ರ. ಸಾಮಾನ್ಯ ವಾಚಿಗೆ ಪ್ರತಿ ತಿಂಗಳೂ 31 ದಿನ, ಆದ್ದರಿಂದ ವರ್ಷಕ್ಕೆ ಐದು ಸಲ ತಾರೀಖು ತಿದ್ದಬೇಕು. 1996ರಲ್ಲಿ ಪಟೇಕ್ ಫಿಲಿಪ್ ಕಂಪನಿ ಹೊರತಂದ ಈ ವ್ಯವಸ್ಥೆಗೆ 30 ದಿನದ ತಿಂಗಳು ಯಾವುದು, 31ರದ್ದು ಯಾವುದು ಎಂಬುದು ಗೊತ್ತು. ಫೆಬ್ರವರಿ ಮುಗಿದಾಗ ಒಮ್ಮೆ ತಿದ್ದಿದರೆ ಸಾಕು. ವರ್ಷವಿಡೀ ಕಳಚದೆ ಕಟ್ಟುವವರಿಗೆ ಇದು ಅನುಕೂಲ. ಕಪಾಟಿನಲ್ಲಿಟ್ಟು ಎರಡು-ಮೂರು ದಿನ ಮರೆತರೆ ವಾಚು ನಿಲ್ಲುತ್ತದೆ, ಆಮೇಲೆ ವಾರ, ತಾರೀಖು, ತಿಂಗಳು ಎಲ್ಲವನ್ನೂ ಹೊಂದಿಸಬೇಕು. ರಾತ್ರಿ ಒಂಬತ್ತರಿಂದ ಬೆಳಗಿನ ಮೂರರವರೆಗೆ ತಾರೀಖು ಬದಲಿಸುವ ಹಲ್ಲುಗಳು ಒಂದಕ್ಕೊಂದು ಕಚ್ಚಿಕೊಂಡಿರುತ್ತವೆ. ಮುಳ್ಳುಗಳು ಆ ಹೊತ್ತನ್ನು ತೋರಿಸುತ್ತಿರುವಾಗ ತಾರೀಖಿನ ಗುಂಡಿ ಒತ್ತಿದರೆ ಅನೇಕ ವಾಚುಗಳಲ್ಲಿ ಹಲ್ಲು ಮುರಿಯುವ ಅಪಾಯವಿದೆ. ಮುಳ್ಳನ್ನು ಬೆಳಗಿನ ಆರಕ್ಕೆ ತಂದು ಆಮೇಲೆ ತಿದ್ದುವುದು ಕ್ಷೇಮ.

ಇನ್ನು ಡ್ಯುಯಲ್ ಟೈಮ್. ಇದರ ಪ್ರಸಿದ್ಧ ರೂಪವಾದ ಜಿಎಂಟಿ ವಾಚನ್ನು 1950ರ ದಶಕದಲ್ಲಿ ರೋಲೆಕ್ಸ್ ಪ್ಯಾನ್ ಅಮೆರಿಕನ್ ವಿಮಾನಗಳ ಪೈಲಟ್‌ಗಳಿಗಾಗಿ ರೂಪಿಸಿತು. ದಿನಕ್ಕೊಂದೇ ಸುತ್ತು ಹಾಕುವ ನಾಲ್ಕನೆಯ ಮುಳ್ಳು ಇನ್ನೊಂದು ಊರಿನ ಗಂಟೆಯನ್ನು ಹೇಳುತ್ತದೆ. ಆದರೆ ನಿಮಿಷದ ಮುಳ್ಳು ಎರಡೂ ಊರಿಗೆ ಒಂದೇ. ಲಂಡನ್, ದುಬೈ, ನ್ಯೂಯಾರ್ಕ್‌ಗಳ ನಡುವೆ ಓಡಾಡುವವರಿಗೆ ಇದರಿಂದ ತೊಂದರೆಯಿಲ್ಲ, ಅಲ್ಲಿನ ವ್ಯತ್ಯಾಸವೆಲ್ಲ ಪೂರ್ತಿ ಗಂಟೆಗಳದ್ದು. ನಾವು ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದಿದ್ದೇವೆ, ಆ ಅರ್ಧ ಗಂಟೆಯೇ ಕಾಡುವುದು.

ಬೆಂಗಳೂರಿನ ಆಫೀಸಿನಲ್ಲಿ ಕೂತು ಲಂಡನ್ನಿನ ಗ್ರಾಹಕರೊಂದಿಗೆ ಮಾತಾಡುವವರನ್ನು ತೆಗೆದುಕೊಳ್ಳಿ. ಬೇಸಿಗೆಯಲ್ಲಿ ಲಂಡನ್ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ನಾಲ್ಕನೆಯ ಮುಳ್ಳು ಗಂಟೆಗೊಂದು ನೆಗೆತದಂತೆ ಮಾತ್ರ ಸರಿಯುವುದರಿಂದ ಅದನ್ನು ಐದು ಗಂಟೆ ಹಿಂದಿಟ್ಟು ಅರ್ಧ ಗಂಟೆಯನ್ನು ಮನಸ್ಸಿನಲ್ಲೇ ಕೂಡಿಸಬೇಕು. ಇಲ್ಲಿ ಮಧ್ಯಾಹ್ನ 3:00 ಆದಾಗ ಮುಳ್ಳು 10ರ ಮೇಲೆ, ಲಂಡನ್ 10:30. ಎಡವುವುದು 3:40ಕ್ಕೆ: ಮುಳ್ಳು ಇನ್ನೂ 11 ಮುಟ್ಟಿರುವುದಿಲ್ಲ, ಅಲ್ಲಿ ಆಗಲೇ 11:10. ಸುತ್ತಲಿನ ಬಳೆ ತಿರುಗುವಂತಿದ್ದು ಅರ್ಧ ಗಂಟೆಗೂ ನಿಲ್ಲುವುದಾದರೆ ಈ ಲೆಕ್ಕವೇ ಬೇಡ. ನಾಲ್ಕನೆಯ ಮುಳ್ಳನ್ನು ನಮ್ಮ ಸಮಯಕ್ಕೇ ಇಟ್ಟು, ಬಳೆಯನ್ನು ನಾಲ್ಕೂವರೆ ಗಂಟೆಯಷ್ಟು ಸರಿಸಿದರೆ ಮುಳ್ಳಿನ ಎದುರಿಗೇ ಲಂಡನ್ ಸಮಯ ಬಂದು ನಿಲ್ಲುತ್ತದೆ.

ವಿಮಾನ ಹತ್ತುವವರ ಅಗತ್ಯ ಬೇರೆ. ಅವರಿಗೆ ಮಾಮೂಲಿ ಗಂಟೆ ಮುಳ್ಳೇ ತಾನಾಗಿ ನೆಗೆಯುವ ವಾಚು ಬೇಕು. ಆದರೂ ದುಬೈನಲ್ಲಿ ಇಳಿದಾಗ ಒಂದೂವರೆ ಗಂಟೆ ಹಿಂದೆ ಹೋಗಬೇಕಾದ್ದರಿಂದ ನಿಮಿಷದ ಮುಳ್ಳನ್ನೂ ತಿರುಗಿಸಲೇಬೇಕು, ಆಗ ಮನೆಯ ಸಮಯ ತೋರಿಸುವ ಮುಳ್ಳು ಅರ್ಧ ಗಂಟೆ ಹಿಂದೆ ಬೀಳುತ್ತದೆ.

ಚಳಿಗಾಲದಲ್ಲಿ ಲಂಡನ್ ಸಮಯ ಮಾತ್ರ ಸಾಕೆನ್ನುವವರು ಹೊಸ ವಾಚು ಕೊಳ್ಳಬೇಕಿಲ್ಲ. ಇರುವ ಮುಳ್ಳಿನ ವಾಚನ್ನೇ ಕೈಯಿಂದ ಬಿಚ್ಚಿ 12 ಕೆಳಗೆ ಬರುವಂತೆ ತಲೆಕೆಳಗಾಗಿ ಹಿಡಿಯಿರಿ. ಇಲ್ಲಿನ 10:00 ಅಲ್ಲಿನ 4:30 ಆಗಿ ಕಾಣುತ್ತದೆ. ಅರ್ಧ ಸುತ್ತು ಎಂದರೆ ಗಂಟೆ ಮುಳ್ಳಿಗೆ ಆರು ಗಂಟೆ, ನಿಮಿಷದ ಮುಳ್ಳಿಗೆ ಮೂವತ್ತು ನಿಮಿಷ. ಅದಕ್ಕೇ ಐದೂವರೆ ಗಂಟೆ ಕಳೆದಂತಾಗುವುದು.

ಡ್ಯುಯಲ್ ಟೈಮ್ ಕೊಳ್ಳುವುದೇ ಆದರೆ ಅಂಗಡಿಯಲ್ಲೇ ಕೀ ಎಳೆದು ಯಾವ ಮುಳ್ಳು ಒಂಟಿಯಾಗಿ ನೆಗೆಯುತ್ತದೆಂದು ನೋಡಿ, ಬಳೆ ಅರ್ಧ ಗಂಟೆಗೆ ನಿಲ್ಲುತ್ತದೆಯೇ ಎಂದು ತಿರುಗಿಸಿ ಪರೀಕ್ಷಿಸಿ. ನಿಲ್ಲದಿದ್ದರೆ ಬೇರೆ ವಾಚು ತೋರಿಸಲು ಹೇಳಿ.