ತೇವ ಕಡಿಮೆ ಎಂದರೆ ಎಷ್ಟು?

ಎಂಜಿನಿಯರಿಂಗ್ ಕಾಲೇಜಿನ ಮಿನಿ ಪ್ರಾಜೆಕ್ಟ್ ವರದಿ ಕೈಗೆ ಬಂದಾಗ ನಾನು ಮೊದಲು ಓದುವುದು ಸಾರಾಂಶದ ಪುಟವನ್ನು. ಮಣ್ಣಿನ ತೇವ ನೋಡಿ ತಾನೇ ನೀರು ಹಾಯಿಸುವ ಯಂತ್ರ ವಿದ್ಯಾರ್ಥಿಗಳಿಗೆ ಬಲು ಇಷ್ಟದ ವಿಷಯ. ‘ತೇವ ಕಡಿಮೆಯಾದರೆ ಪಂಪ್ ಚಾಲೂ ಆಗುತ್ತದೆ’ ಎಂದು ಬಹುತೇಕರು ಬರೆಯುತ್ತಾರೆ. ಕಡಿಮೆ ಎಂದರೆ ಎಷ್ಟು ಎಂಬುದನ್ನು ಬರೆಯುವುದಿಲ್ಲ. ಯಂತ್ರದ ಜೀವ ಇರುವುದೇ ಅಲ್ಲಿ.

ಕಟ್ಟುವುದು ಕಷ್ಟವಲ್ಲ. ಒಂದು ಆರ್ಡುಯಿನೊ ಊನೊ ಬೋರ್ಡ್, ಮಣ್ಣಿಗೆ ಚುಚ್ಚುವ ಸೆನ್ಸರ್, ರಿಲೇ, ಪುಟ್ಟ ಪಂಪ್. ಸೆನ್ಸರ್ ಕೊಡುವ ವೋಲ್ಟೇಜನ್ನು ಬೋರ್ಡ್ 0ರಿಂದ 1023ರ ನಡುವಿನ ಅಂಕಿಯಾಗಿ ಓದುತ್ತದೆ. ಕೆಪಾಸಿಟಿವ್ ಸೆನ್ಸರ್ ಆದರೆ ಒಣ ಗಾಳಿಯಲ್ಲಿ ಸುಮಾರು 600, ನೀರಿನಲ್ಲಿ ಸುಮಾರು 300 ಬರುತ್ತದೆ. ತೇವ ಹೆಚ್ಚಿದಷ್ಟೂ ಅಂಕಿ ಇಳಿಯುತ್ತದೆ. ಇದು ತೇವದ ಶೇಕಡಾವಾರು ಅಲ್ಲ. ಜಿಗುಟಾದ ಎರೆಮಣ್ಣು ನೀರನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ಕೆಂಪು ಮಣ್ಣಿನಲ್ಲಿ ಗಿಡಕ್ಕೆ ಸಾಲುವಷ್ಟು ತೇವ ಎರೆಮಣ್ಣಿನಲ್ಲಿ ಸಾಲದೆ ಹೋಗಬಹುದು.

ಆದ್ದರಿಂದ ಮಣ್ಣನ್ನೇ ಕೇಳಬೇಕು. ಮರಳು ಬೆರೆತ ಕೆಂಪು ಮಣ್ಣಿನ ಕುಂಡವೊಂದನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಪೂರ್ತಿ ನೆನೆಸಿ, ಹೆಚ್ಚಿನ ನೀರು ಬಸಿದುಹೋಗಲು ಒಂದು ದಿನ ಬಿಡಿ. ಆಗ ಸೆನ್ಸರ್ 380 ತೋರಿಸಿತೆನ್ನಿ. ಅದೇ ಹೊತ್ತಿಗೆ ಬೇರಿನ ಆಳದಿಂದ 115 ಗ್ರಾಂ ಮಣ್ಣು ತೆಗೆದು, 105 ಡಿಗ್ರಿ ಸೆಲ್ಸಿಯಸ್‌ನ ಓವನ್‌ನಲ್ಲಿ 24 ಗಂಟೆ ಒಣಗಿಸಿ ಮತ್ತೆ ತೂಗಿ. 100 ಗ್ರಾಂ ಉಳಿದರೆ ಹೋದ ನೀರು 15 ಗ್ರಾಂ, ಅಂದರೆ ಒಣ ಮಣ್ಣಿನ ತೂಕದ ಶೇ 15. ಕುಂಡ ಒಣಗುತ್ತ ಹೋದಂತೆ ಇದನ್ನೇ ಮತ್ತೆ ಮಾಡಿ. ಶೇ 8ಕ್ಕೆ ಬಂದಾಗ ಸೆನ್ಸರ್ 470 ತೋರಿಸಿದರೆ, ಎಲೆ ಬಾಡುವ ಮುನ್ನ, 460ಕ್ಕೇ ಪಂಪ್ ಚಾಲೂ ಮಾಡುವುದು ಲೇಸು. ನಿಲ್ಲಿಸುವುದು 400ಕ್ಕೆ.

ಎರಡಕ್ಕೂ ಒಂದೇ ಅಂಕಿ ಇಟ್ಟರೆ ಓದಿಕೆ ತುಸು ಅಲುಗಿದಾಗಲೆಲ್ಲ ರಿಲೇ ಟಕಟಕ ಎನ್ನುತ್ತದೆ. ನೀರು ಸೆನ್ಸರ್ ಇರುವ ಆಳಕ್ಕೆ ಇಳಿಯಲೂ ಹೊತ್ತು ಬೇಕು. ಕೆಲವು ಸೆಕೆಂಡು ನೀರು ಬಿಟ್ಟು, ಕೆಲವು ನಿಮಿಷ ಕಾದು, ಮತ್ತೆ ಓದುವಂತೆ ಪ್ರೋಗ್ರಾಂ ಬರೆಯಬೇಕು.

ಎರಡು ಕಡ್ಡಿಗಳ ಅಗ್ಗದ ರೆಸಿಸ್ಟಿವ್ ಸೆನ್ಸರ್ ಬಳಸುವವರು ಇನ್ನೊಂದನ್ನು ಗಮನಿಸಬೇಕು. ಒದ್ದೆ ಮಣ್ಣಿನಲ್ಲಿ ಸದಾ ಕರೆಂಟ್ ಹರಿದರೆ ಕಡ್ಡಿಯ ಲೋಹ ಸವೆಯುತ್ತದೆ. ಸವೆದ ಸೆನ್ಸರ್ ಹಸಿ ಮಣ್ಣನ್ನೂ ಒಣಗಿದ್ದೆಂದು ಹೇಳಿ ಪಂಪನ್ನು ನಿಲ್ಲಿಸಗೊಡುವುದಿಲ್ಲ. ನೀರು ಹಾಯಿಸಿದ ಮೇಲೂ ಅಂಕಿ ಕದಲದಿದ್ದರೆ ಮೊದಲು ಕಡ್ಡಿ ನೋಡಿ. ಓದುವ ಕ್ಷಣದಲ್ಲಿ ಮಾತ್ರ ಅದಕ್ಕೆ ವಿದ್ಯುತ್ ಕೊಟ್ಟರೆ ಸವೆತ ತಗ್ಗುತ್ತದೆ. ವೈರ್ ಕಿತ್ತುಹೋದರೂ ಅಂಕಿ ನಂಬುವಂತಿರುವುದಿಲ್ಲ. ಅದಕ್ಕೇ ಪಂಪ್ ಓಡುವ ಒಟ್ಟು ಸಮಯಕ್ಕೆ ಮಿತಿ ಹಾಕಿರಬೇಕು.

ವಿದ್ಯಾರ್ಥಿಗಳೇ, ಸಾರಾಂಶದಲ್ಲಿ ಯಾವ ಮಣ್ಣು, ಯಾವ ಸೆನ್ಸರ್, ಎಷ್ಟು ಆಳ, ಚಾಲೂ ಮತ್ತು ಬಂದ್ ಆಗುವ ಅಂಕಿಗಳು, ಓವನ್‌ನಲ್ಲಿ ಸಿಕ್ಕ ತೇವ ಇಷ್ಟನ್ನು ಬರೆಯಿರಿ. ಪರೀಕ್ಷೆ ಕುಂಡದಲ್ಲಷ್ಟೇ ಆಗಿದ್ದರೆ, ಹೊಲದಲ್ಲಿ ಆಗಿಲ್ಲ ಎಂಬುದನ್ನೂ ಬರೆಯಿರಿ.