ಫೋನಿನ ಮುಚ್ಚಳ ಮಗುಚಿದಾಗ

ಕೆ.ಆರ್. ಪುರದ ಪಕ್ಕದ ದೂರವಾಣಿನಗರದಲ್ಲಿ ಐಟಿಐ ಕಾರ್ಖಾನೆ ಶುರುವಾದದ್ದು 1948ರಲ್ಲಿ. ದಶಕಗಳ ಕಾಲ ದೇಶದ ಮನೆ, ಕಚೇರಿಗಳಿಗೆ ಟೆಲಿಫೋನುಗಳು ಅಲ್ಲಿಂದ ಹೋದವು. ಹಳೆಯ ಪ್ಲಾಸ್ಟಿಕ್ ಫೋನು ಯಾವುದಾದರೂ ಮನೆಯಲ್ಲಿದ್ದರೆ ತಳದ ಸ್ಕ್ರೂ ಬಿಚ್ಚಿ ಮುಚ್ಚಳವನ್ನು ಮಗುಚಿ ನೋಡಿ. ಹೊರಮೈ ನುಣುಪಾಗಿದ್ದರೂ ಒಳಗೆ ಸಾಮಾನ್ಯವಾಗಿ ಮೂರು ಬಗೆಯ ಉಬ್ಬುಗಳಿರುತ್ತವೆ. ಉದ್ದಕ್ಕೆ ಎದ್ದುನಿಂತ ತೆಳು ಪಟ್ಟಿ ರಿಬ್, ಸ್ಕ್ರೂ ಕೂರುವ ಟೊಳ್ಳು ಕಂಬ ಬಾಸ್, ಆ ಕಂಬದ ಬುಡಕ್ಕೆ ಒತ್ತಾಸೆಯಾದ ತ್ರಿಕೋನ ಗಸೆಟ್.

ರಿಬ್ ಎಷ್ಟು ಕೆಲಸ ಮಾಡುತ್ತದೆ ಎಂಬುದನ್ನು ಲೆಕ್ಕ ಹಾಕಿಯೇ ನೋಡೋಣ. 2.5 ಮಿ.ಮೀ. ದಪ್ಪದ ಗೋಡೆ ಇದೆ ಎನ್ನಿ. 30 ಮಿ.ಮೀ.ಗೆ ಒಂದರಂತೆ 1.5 ಮಿ.ಮೀ. ದಪ್ಪ, 7.5 ಮಿ.ಮೀ. ಎತ್ತರದ ರಿಬ್ಬುಗಳನ್ನು ಕೊಟ್ಟರೆ ತೂಕ ಹೆಚ್ಚುವುದು ಶೇ. 15 ಮಾತ್ರ. ಆದರೆ ರಿಬ್ ಸಾಗುವ ದಿಕ್ಕಿನಲ್ಲಿ ಗೋಡೆ ಬಾಗದಿರುವ ಬಿಗಿ ಎಂಟೂವರೆ ಪಟ್ಟಾಗುತ್ತದೆ. ಅದೇ ಶೇ. 15 ಪ್ಲಾಸ್ಟಿಕ್ಕನ್ನು ಗೋಡೆಗೇ ಸವರಿದ್ದರೆ ಬಿಗಿ ಒಂದೂವರೆ ಪಟ್ಟಾಗಿ ಅಲ್ಲಿಗೇ ನಿಲ್ಲುತ್ತಿತ್ತು. ಬಾಗುವಾಗ ನಡುಪದರದಿಂದ ದೂರವಿರುವ ವಸ್ತುವೇ ಹೆಚ್ಚು ಎದುರು ನಿಲ್ಲುವುದು ಇದಕ್ಕೆ ಕಾರಣ. ರಿಬ್ ತನ್ನ ವಸ್ತುವನ್ನು ಆ ದೂರಕ್ಕೆ ಎತ್ತಿ ಇಡುತ್ತದೆ. ಅಡ್ಡ ದಿಕ್ಕಿನಲ್ಲಿ ಲಾಭ ಅತ್ಯಲ್ಪ. ಹಾಗಾಗಿ ಎರಡೂ ಕಡೆ ಬಿಗಿ ಬೇಕಾದಲ್ಲಿ ರಿಬ್ಬುಗಳನ್ನು ಚೌಕಳಿಯಾಗಿ ಹಾಕುತ್ತಾರೆ.

ಬಿಗಿಯೇ ಬಲ ಎಂದುಕೊಳ್ಳುವುದು ಮಾತ್ರ ಅಪಾಯ. ಇದೇ ಲೆಕ್ಕದಲ್ಲಿ ರಿಬ್ಬಿನ ತುದಿ ಹಿಗ್ಗುವಂತೆ ಬಾಗಿಸಿದರೆ ಮುಚ್ಚಳ ತಡೆಯುವ ಹೊರೆ ಹೆಚ್ಚುವುದು ಮೂರನೇ ಒಂದು ಪಾಲಷ್ಟೇ. ಹೊರೆ ಬಿಟ್ಟು ಬಾಗನ್ನೇ ನೋಡಿದರೆ, ರಿಬ್ ಇಲ್ಲದ ಗೋಡೆ ಬಾಗಿದಷ್ಟೇ ಇದನ್ನೂ ಬಾಗಿಸಿದಾಗ ತುದಿಯಲ್ಲಿನ ಎಳೆತ ಆರು ಪಟ್ಟು ಮೀರುತ್ತದೆ. ಕೈತಪ್ಪಿ ಬಿದ್ದ ಪೆಟ್ಟಿಗೆಗಳಲ್ಲಿ ಸೀಳು ಎಷ್ಟೋ ಸಲ ಆ ತುದಿಯಿಂದಲೇ ಹೊರಡುತ್ತದೆ.

ಹಾಗಿದ್ದರೆ ರಿಬ್ಬನ್ನೇ ದಪ್ಪ ಮಾಡಬಾರದೇಕೆ? ಅಚ್ಚಿನಲ್ಲಿ ಪ್ಲಾಸ್ಟಿಕ್ ತಣಿಯುತ್ತಾ ಕುಗ್ಗುತ್ತದೆ. ರಿಬ್ ಗೋಡೆಗೆ ಸೇರುವ ಜಾಗದಲ್ಲಿ ವಸ್ತು ದಪ್ಪಗೆ ಶೇಖರವಾಗಿ ಕೊನೆಗೆ ತಣಿಯುವುದರಿಂದ ಹೊರಮೈಯನ್ನು ಒಳಗೆಳೆದುಕೊಳ್ಳುತ್ತದೆ. ಈ ಕುಳಿಗೆ ಸಿಂಕ್ ಮಾರ್ಕ್ ಎನ್ನುತ್ತಾರೆ. ಮುಚ್ಚಳವನ್ನು ಟ್ಯೂಬ್‌ಲೈಟಿಗೆ ಓರೆಯಾಗಿ ಹಿಡಿದರೆ ಬೆಳಕಿನ ಗೆರೆ ಅಲ್ಲಿ ಸೊಟ್ಟಗಾಗುವುದು ಕಾಣುತ್ತದೆ. ಅದಕ್ಕೇ ರಿಬ್ಬಿನ ದಪ್ಪವನ್ನು ಗೋಡೆಯ ಶೇ. 50ರಿಂದ 60ಕ್ಕೆ, ಎತ್ತರವನ್ನು ಗೋಡೆಯ ಮೂರು ಪಟ್ಟಿಗೆ ಮಿತಿಗೊಳಿಸುವ ರೂಢಿ. ಅಚ್ಚಿನಿಂದ ಸಲೀಸಾಗಿ ಬಿಡಲು ಪಕ್ಕಗಳಿಗೆ ಅರ್ಧದಿಂದ ಒಂದು ಡಿಗ್ರಿ ಓರೆಯನ್ನೂ ಕೊಡುತ್ತಾರೆ.

ಬಾಸಿಗೂ ಇದೇ ಕಷ್ಟ. ಅದನ್ನು ಪಕ್ಕದ ಗೋಡೆಗೆ ಅಂಟಿಸಿಬಿಟ್ಟರೆ ಆ ಮೂಲೆಯೂ ಕುಳಿ ಬೀಳುತ್ತದೆ. ಆದ್ದರಿಂದ ಸ್ವಲ್ಪ ದೂರ ನಿಲ್ಲಿಸಿ, ತೆಳು ರಿಬ್ಬಿನಿಂದ ಗೋಡೆಗೆ ಜೋಡಿಸಬೇಕು. ಗೋಡೆ ದೂರವಿದ್ದರೆ ಗಸೆಟ್ಟುಗಳೇ ಆಧಾರ. ಬಾಸಿನ ಬುಡದ ಮೂಲೆಯನ್ನು ಚೂಪಾಗಿ ಬಿಡದೆ ಚಿಕ್ಕದಾಗಿ ದುಂಡಗೆ ಮಾಡುವುದೂ ಅಷ್ಟೇ ಮುಖ್ಯ. ಸ್ಕ್ರೂ ಬಿಗಿದಾಗ ಬುಡದ ಸುತ್ತ ಬಿಳಿ ಉಂಗುರ ಕಂಡರೆ ಪ್ಲಾಸ್ಟಿಕ್ ಆಗಲೇ ಮಿತಿಮೀರಿ ಎಳೆತಕ್ಕೆ ಸಿಕ್ಕಿದೆ ಎಂದು ತಿಳಿಯಬೇಕು.