ಬೆಂಗಳೂರು ಸ್ಟೇಷನ್‌ನಲ್ಲಿ ಇಳಿದಾಗ ಆಟೋಕ್ಕೆ ಎಷ್ಟು ಕೊಡಬೇಕು? ಮೀಟರ್‌, ಪ್ರೀಪೇಯ್ಡ್‌, ಆ್ಯಪ್‌ ಲೆಕ್ಕ ಹೀಗಿದೆ

ಮುಳಗುಂದ: ಆಸ್ಪತ್ರೆಗೆ, ಅಂಗಡಿ ಮಾಲು ತರೋದಕ್ಕೆ, ಮಕ್ಕಳನ್ನು ನೋಡೋದಕ್ಕೆ ಅಂತ ನಮ್ಮ ಭಾಗದ ಜನ ಗದಗದಲ್ಲಿ ರಾತ್ರಿ ರೈಲು ಹತ್ತಿ ಬೆಳಗಿನ ಜಾವ ಬೆಂಗಳೂರಿನಲ್ಲಿ ಇಳಿಯುತ್ತಾರೆ. ರೈಲಿನ ಟಿಕೆಟ್‌ಗೆ ಎಷ್ಟು ಅಂತ ಎಲ್ಲರಿಗೂ ಗೊತ್ತು. ಸ್ಟೇಷನ್‌ ಹೊರಗೆ ಕಾಲಿಟ್ಟ ಮೇಲೆ ಆಟೋಕ್ಕೆ ಎಷ್ಟು ಅನ್ನೋದೇ ಗೊತ್ತಿರೋದಿಲ್ಲ. ಎಷ್ಟೋ ಸಲ ರೈಲಿನ ಟಿಕೆಟ್‌ಗಿಂತ ಆಟೋ ಬಾಡಿಗೆಯೇ ದುಬಾರಿಯಾಗುತ್ತದೆ.

ಅಲ್ಲಿ ಮೂರು ದಾರಿ ಇವೆ: ಮೀಟರ್‌ ಆಟೋ, ಪೊಲೀಸರ ಪ್ರೀಪೇಯ್ಡ್‌ ಕೌಂಟರ್‌, ಮೊಬೈಲ್‌ ಆ್ಯಪ್‌. ಮೂರನ್ನೂ ಅಳೆಯೋದಕ್ಕೆ ಒಂದೇ ಅಳತೆಗೋಲು ಸಾಕು. ಅದು ಸರ್ಕಾರ ನಿಗದಿ ಮಾಡಿದ ಮೀಟರ್‌ ದರ.

ನೆನಪಿಡಬೇಕಾದ ಅಂಕಿ: 18

ಬೆಂಗಳೂರಿನಲ್ಲಿ 2025ರ ಆಗಸ್ಟ್‌ 1ರಿಂದ ಆಟೋ ದರ ಹೆಚ್ಚಾಯಿತು. ಮೊದಲ 2 ಕಿ.ಮೀ.ಗೆ ₹36, ಆಮೇಲೆ ಪ್ರತಿ ಕಿ.ಮೀ.ಗೆ ₹18. ಅದಕ್ಕೂ ಮೊದಲು ಇದು ₹30 ಮತ್ತು ₹15 ಇತ್ತು. 36 ಅಂದರೆ ಎರಡು ಹದಿನೆಂಟು. ಹಾಗಾಗಿ ಲೆಕ್ಕ ಬಹಳ ಸರಳ: ಹೋಗಬೇಕಾದ ಕಿಲೋಮೀಟರನ್ನು 18ರಿಂದ ಗುಣಿಸಿದರೆ ಆಯಿತು. ಎಷ್ಟೇ ಹತ್ತಿರವಾದರೂ ₹36ಕ್ಕಿಂತ ಕಡಿಮೆ ಇಲ್ಲ, ಅಷ್ಟೇ.

ರಾತ್ರಿ 10ರಿಂದ ಬೆಳಗಿನ 5ರವರೆಗೆ ಒಂದೂವರೆ ಪಟ್ಟು. ಕಾಯಿಸಿದರೆ ಮೊದಲ 5 ನಿಮಿಷಕ್ಕೆ ದುಡ್ಡಿಲ್ಲ, ಆಮೇಲೆ ಪ್ರತಿ 15 ನಿಮಿಷಕ್ಕೆ ₹10. ಲಗೇಜು 20 ಕೆ.ಜಿ.ವರೆಗೆ ಉಚಿತ, ಅದಕ್ಕಿಂತ ಹೆಚ್ಚಾದರೆ ಪ್ರತಿ 20 ಕೆ.ಜಿ.ಗೆ ₹10. ಚಿಕ್ಕಪೇಟೆಯಿಂದ ಬಟ್ಟೆ ಗಂಟು ತರುವ ವ್ಯಾಪಾರಸ್ಥರು ಇದನ್ನು ಗಮನಿಸಬೇಕು. ಒಂದು ಗಂಟಿದೆ ಅಂತ ನೂರು ರೂಪಾಯಿ ಹೆಚ್ಚಿಗೆ ಕೇಳಿದರೆ ಅದು ಮೀಟರ್‌ ದರದ ಲೆಕ್ಕಕ್ಕೆ ಬರೋದಿಲ್ಲ.

ಒಂದು ಪ್ರಯಾಣದ ಲೆಕ್ಕ

ಮುಳಗುಂದದ ಗಂಡ ಹೆಂಡತಿ ನಿಮ್ಹಾನ್ಸ್‌ ಆಸ್ಪತ್ರೆಗೆ ಹೊರಟಿದ್ದಾರೆ ಅಂತ ಇಟ್ಟುಕೊಳ್ಳಿ. ರೈಲು ಬೆಳಗಿನ ಜಾವ 4.40ಕ್ಕೆ ಮೆಜೆಸ್ಟಿಕ್‌ ಸ್ಟೇಷನ್‌ ಮುಟ್ಟಿದೆ. ಗೇಟಿನ ಹತ್ತಿರವೇ ಒಬ್ಬರು ಬ್ಯಾಗಿಗೆ ಕೈ ಹಾಕಿ, "ಎಲ್ಲಿಗೆ ಅಣ್ಣ? ನಿಮ್ಹಾನ್ಸಾ? ನಾನೂರು ಕೊಡಿ, ಬನ್ನಿ" ಅನ್ನುತ್ತಾರೆ. "ಭಾಳ ಆತಲ್ರೀ" ಅಂದರೆ, "ವಾಪಸ್‌ ಖಾಲಿ ಬರಬೇಕು ಸಾರ್‌" ಅನ್ನೋ ಉತ್ತರ ಬರುತ್ತದೆ.

ಈಗ ಲೆಕ್ಕ ಹಾಕಿ. ದೂರ ಸುಮಾರು 7 ಕಿ.ಮೀ. ಏಳು ಹದಿನೆಂಟಲೆ 126. ಇನ್ನೂ 5 ಗಂಟೆ ಆಗಿಲ್ಲವಾದ್ದರಿಂದ ಒಂದೂವರೆ ಪಟ್ಟು, ಅಂದರೆ ₹189. ಅವರು ಕೇಳಿದ್ದು ಇದರ ಎರಡು ಪಟ್ಟಿಗೂ ಹೆಚ್ಚು. ಖಾಲಿ ವಾಪಸ್‌ ಬರೋದಕ್ಕೆ ಅಂತ ಮೀಟರ್‌ ದರದಲ್ಲಿ ಬೇರೆ ದುಡ್ಡೇ ಇಲ್ಲ. ಸ್ಟೇಷನ್‌ ಒಳಗೇ ಕೂತು ಒಂದು ಚಹಾ ಕುಡಿದು 5 ಗಂಟೆ ದಾಟಿದ ಮೇಲೆ ಹೊರಟರೆ ಅದೇ ದಾರಿಗೆ ₹126. ಇಪ್ಪತ್ತು ನಿಮಿಷ ತಡೆದಿದ್ದಕ್ಕೆ ₹63 ಉಳಿತಾಯ.

ಪ್ರೀಪೇಯ್ಡ್‌ ಕೌಂಟರ್‌ನಲ್ಲಿ ಏನು ನಡೆಯುತ್ತದೆ?

ಇಲ್ಲಿ ಹೋಗುವ ಜಾಗ ಹೇಳಿದರೆ ದೂರಕ್ಕೆ ತಕ್ಕಂತೆ ದರ ಹಾಕಿದ ಚೀಟಿ ಕೊಡುತ್ತಾರೆ. ಮೀಟರ್‌ ದರವೇ ಆಧಾರ, ಅದರ ಮೇಲೆ ಸಣ್ಣ ಸೇವಾ ಶುಲ್ಕ ಮಾತ್ರ. ಕೆಲವು ಕೌಂಟರ್‌ಗಳಲ್ಲಿ ಪೂರ್ತಿ ದುಡ್ಡು ಮೊದಲೇ ಕಟ್ಟಿಸಿಕೊಳ್ಳುತ್ತಾರೆ, ಕೆಲವು ಕಡೆ ಶುಲ್ಕ ಮಾತ್ರ ತಗೊಂಡು ಬಾಡಿಗೆಯನ್ನು ಚಾಲಕರಿಗೇ ಕೊಡಲು ಹೇಳುತ್ತಾರೆ. "ದುಡ್ಡು ಇಲ್ಲೇ ಕಟ್ಟಬೇಕೋ, ಆಟೋದವರಿಗೆ ಕೊಡಬೇಕೋ?" ಅಂತ ಅಲ್ಲೇ ಕೇಳಿಕೊಳ್ಳಿ. ಗಾಡಿ ನಂಬರ್‌ ಚೀಟಿಯಲ್ಲಿ ಇದೆಯೇ ನೋಡಿ, ಇಳಿಯುವ ತನಕ ಚೀಟಿ ಕೈಯಲ್ಲೇ ಇರಲಿ. ನಡುದಾರಿಯಲ್ಲಿ ಹೆಚ್ಚಿಗೆ ಕೇಳಿದರೆ ತೋರಿಸೋದಕ್ಕೆ ಇರುವ ಆಧಾರ ಅದೊಂದೇ.

ಇದರ ಕೊರತೆ ಅಂದರೆ ಸರದಿ. ಎರಡು ಮೂರು ರೈಲು ಒಟ್ಟಿಗೆ ಬಂದಾಗ ಸಾಲು ಬೆಳೆಯುತ್ತದೆ, ಆಟೋ ಕಡಿಮೆ ಇರುತ್ತವೆ. ಆ ಹೊತ್ತಲ್ಲೇ ಸಾಲಿನ ಪಕ್ಕ ನಿಂತು "ಇಲ್ಲಿ ಬನ್ನಿ, ಬೇಗ ಹೋಗೋಣ" ಅಂತ ಕರೆಯುವವರು ಸಿಗುತ್ತಾರೆ. ಅವರಿಗೂ ಆ ಕೌಂಟರ್‌ಗೂ ಸಂಬಂಧ ಇರೋದಿಲ್ಲ.

ಆ್ಯಪ್‌ನ ಅಂಕಿ ಎಲ್ಲಿವರೆಗೆ ಸರಿ?

ಆ್ಯಪ್‌ ಆಟೋಗಳಿಗೆ ಮೀಟರ್‌ ದರದ ಮೇಲೆ ಶೇ 5 ಸೇವಾ ಶುಲ್ಕ ಮತ್ತು ಜಿಎಸ್‌ಟಿ ಸೇರಿಸಬಹುದು ಅಂತ ರಾಜ್ಯ ಸರ್ಕಾರ 2022ರ ನವೆಂಬರ್‌ನಲ್ಲಿ ಆದೇಶ ಮಾಡಿತು. ಇದನ್ನು 2024ರ ಮೇನಲ್ಲಿ ಹೈಕೋರ್ಟ್‌ ಎತ್ತಿಹಿಡಿಯಿತು. ಈ ಲೆಕ್ಕಕ್ಕೆ ಮೀಟರ್‌ ದರದ ಮೇಲೆ ಸುಮಾರು ಹತ್ತನೇ ಒಂದು ಭಾಗ ಹೆಚ್ಚು. ₹126ರ ದಾರಿಗೆ ₹139ರವರೆಗೆ, ರಾತ್ರಿಯ ₹189ಕ್ಕೆ ₹208ರವರೆಗೆ ಆಗಬಹುದು.

ಆಮೇಲೆ ಹಲವು ಆ್ಯಪ್‌ಗಳು ಚಾಲಕರಿಂದ ಕಮಿಷನ್‌ ಬಿಟ್ಟು ಚಂದಾ ತಗೊಳ್ಳುವ ಪದ್ಧತಿಗೆ ಬಂದವು. ಅಂಥ ಕಡೆ ಬಾಡಿಗೆ ನೇರವಾಗಿ ಚಾಲಕರಿಗೇ ಹೋಗುತ್ತದೆ, ಪರದೆಯ ಮೇಲಿನ ಮೊತ್ತ ಅಂದಾಜು ಮಾತ್ರ. ಆದ್ದರಿಂದ ಹತ್ತುವ ಮೊದಲೇ "ಆ್ಯಪ್‌ನಲ್ಲಿ ಇಷ್ಟು ತೋರಿಸ್ತಿದೆ, ಇಷ್ಟೇ ಅಲ್ವಾ?" ಅಂತ ಕೇಳಿಬಿಡೋದು ಒಳ್ಳೇದು. "ಟಿಪ್‌ ಸೇರಿಸಿದರೆ ಬೇಗ ಆಟೋ ಸಿಗುತ್ತದೆ" ಅಂತ ಬಂದರೆ ಅದು ನಿಮ್ಮ ಇಷ್ಟ, ಕಡ್ಡಾಯ ಅಲ್ಲ.

ಆ್ಯಪ್‌ನಿಂದ ಇನ್ನೊಂದು ಉಪಯೋಗ ಇದೆ. ಬುಕ್‌ ಮಾಡದೆಯೇ ಹೋಗುವ ಜಾಗ ಹಾಕಿ ಎಷ್ಟು ತೋರಿಸುತ್ತದೆ ನೋಡಬಹುದು, ಮ್ಯಾಪ್‌ನಲ್ಲಿ ಕಿಲೋಮೀಟರ್‌ ತಿಳಿಯಬಹುದು. ಹಾಗೆಯೇ ಮೀಟರ್‌ ಹಾಕಿದ ಆಟೋದಲ್ಲೂ ಮೀಟರಿನ ಕಿಲೋಮೀಟರನ್ನು ಮ್ಯಾಪ್‌ ಜೊತೆ ಹೋಲಿಸಿ. ನೇರ ದಾರಿಯಲ್ಲಿ ಹೋಗಿಯೂ 7 ಕಿ.ಮೀ.ಗೆ ಮೀಟರ್‌ 9 ತೋರಿಸಿದರೆ ಮೀಟರಿನಲ್ಲಿ ಏನೋ ಎಡವಟ್ಟಿದೆ. ಶುರುವಿನಲ್ಲೇ 36ರ ಬದಲು 30 ತೋರಿಸಿದರೆ ಅದು ಹಳೇ ದರದ ಮೀಟರ್‌. ಆಗ ಕಿಲೋಮೀಟರ್‌ ಮಾತ್ರ ನೋಡಿ 18ರಿಂದ ಗುಣಿಸಿ.

ಏರ್‌ಪೋರ್ಟ್‌ಗೆ ಟ್ಯಾಕ್ಸಿ ಆದರೆ

ಟ್ಯಾಕ್ಸಿಗೆ 2024ರ ಫೆಬ್ರುವರಿಯಲ್ಲಿ ರಾಜ್ಯಕ್ಕೆಲ್ಲ ಒಂದೇ ದರ ನಿಗದಿಯಾಯಿತು. ₹10 ಲಕ್ಷದವರೆಗಿನ ಬೆಲೆಯ ಕಾರಿಗೆ ಮೊದಲ 4 ಕಿ.ಮೀ.ಗೆ ₹100, ಆಮೇಲೆ ಕಿ.ಮೀ.ಗೆ ₹24. ಮೆಜೆಸ್ಟಿಕ್‌ನಿಂದ ಬೆಂಗಳೂರು ಏರ್‌ಪೋರ್ಟ್‌ 35 ಕಿ.ಮೀ. ಅಂತ ಹಿಡಿದರೆ ₹844. ಆ್ಯಪ್‌ನಲ್ಲಿ ಶೇ 5 ಜಿಎಸ್‌ಟಿ ಸೇರಿ ₹886, ಟೋಲ್‌ ಬೇರೆ. ಮಧ್ಯರಾತ್ರಿ 12ರಿಂದ ಬೆಳಗಿನ 6ರವರೆಗೆ ದರದ ಮೇಲೆ ಶೇ 10 ಹೆಚ್ಚು. ಆ್ಯಪ್‌ ಅಥವಾ ಕೌಂಟರಿನವರು ಇದಕ್ಕಿಂತ ಬಹಳ ಹೆಚ್ಚು ಹೇಳಿದರೆ ದೊಡ್ಡ ಕಾರು ತೋರಿಸಿದ್ದಾರೆಯೇ ಅಂತ ಮೊದಲು ನೋಡಿ. ₹10ರಿಂದ 15 ಲಕ್ಷದ ಕಾರಿಗೆ ಕಿ.ಮೀ.ಗೆ ₹28, ಅದಕ್ಕೂ ಮೇಲಿನದಕ್ಕೆ ₹32.

ಒಂದು ಮಾತು ಗಮನದಲ್ಲಿರಲಿ. ಟ್ಯಾಕ್ಸಿ ದರ ಇಡೀ ರಾಜ್ಯಕ್ಕೆ ಒಂದೇ, ಆಟೋ ದರ ಹಾಗಲ್ಲ. ಅದನ್ನು ಆಯಾ ಜಿಲ್ಲೆಯ ಸಾರಿಗೆ ಪ್ರಾಧಿಕಾರ ನಿಗದಿ ಮಾಡುತ್ತದೆ. ಬೆಂಗಳೂರಿನ ₹18ರ ಲೆಕ್ಕವನ್ನು ಹುಬ್ಬಳ್ಳಿ ಸ್ಟೇಷನ್‌ನಲ್ಲೋ ಗದಗದಲ್ಲೋ ಹಿಡಿದು ಜಗಳಕ್ಕೆ ನಿಂತರೆ ನಡೆಯೋದಿಲ್ಲ. ಅಲ್ಲಿ ಆ ಜಿಲ್ಲೆಯ ದರಪಟ್ಟಿಯನ್ನೇ ಕೇಳಬೇಕು.